ಫ್ಲ್ಯಾಟ್ ಕೈಗೆ ಬರುವುದು ತಡವಾದಾಗ: ಗ್ರಾಹಕ ಆಯೋಗಕ್ಕೆ ಹೋದ ಒಂದು ಕಡತ

ಈ ಕಡತದ ಜೀವಾಳವಿದ್ದದ್ದು ಎರಡು ಸಾಲುಗಳಲ್ಲಿ. ಎರಡೂ ಒಂದೇ ಅಗ್ರಿಮೆಂಟಿನವು, ಆದರೆ ಪುಟಗಳು ಬೇರೆ ಬೇರೆ. ಕೊಳ್ಳುವವರು ಕಂತು ಕಟ್ಟುವುದು ತಡವಾದರೆ ವರ್ಷಕ್ಕೆ ಶೇ 18ರಂತೆ ಬಡ್ಡಿ ತೆರಬೇಕು ಎನ್ನುತ್ತಿತ್ತು ಮೊದಲನೆಯದು. ಬಿಲ್ಡರ್ ಮನೆ ಕೊಡುವುದು ತಡವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಕೊಡುತ್ತಾರೆ ಎನ್ನುತ್ತಿತ್ತು ಎರಡನೆಯದು. ಮನೆ 1,250 ಚದರಡಿ, ಅಂದರೆ ತಿಂಗಳಿಗೆ 6,250 ರೂಪಾಯಿ, ವರ್ಷಕ್ಕೆ 75,000. ಮನೆ ಕೊಡಬೇಕಿದ್ದ ಹೊತ್ತಿಗೆ ಬಿಲ್ಡರ್ ಕೈಯಲ್ಲಿದ್ದದ್ದು 60 ಲಕ್ಷ. ನಮ್ಮ ತಪ್ಪಿಗೆ ಶೇ 18, ಅವರ ತಪ್ಪಿಗೆ ಶೇ 1.25.

ಬೆಂಗಳೂರಿನ ಹೊರವಲಯದ ಈ ಎರಡು ಬೆಡ್‌ರೂಮ್ ಮನೆಯ ಬೆಲೆ 68 ಲಕ್ಷ. ಲೆಕ್ಕ ಸುಲಭವಾಗಲೆಂದು ಇಲ್ಲಿ ಅಂಕಿಗಳನ್ನು ದುಂಡು ಮಾಡಿದೆ. ಅಗ್ರಿಮೆಂಟ್ ಆದದ್ದು 2020ರ ನವೆಂಬರ್‌ನಲ್ಲಿ. ಮನೆ ಕೊಡಬೇಕಾದ ದಿನ 2022ರ ಡಿಸೆಂಬರ್ 31, ಅದರ ಮೇಲೆ ಆರು ತಿಂಗಳ ವಿನಾಯಿತಿ. ಅಲ್ಲಿಗೆ ಕೊನೆಯ ದಿನ 2023ರ ಜೂನ್ 30. ಆವರೆಗೆ ಕಟ್ಟಿದ್ದು 60 ಲಕ್ಷ, 2024ರ ಜನವರಿ 1ರಂದು ಮತ್ತೆ 4 ಲಕ್ಷ. 2025ರ ಏಪ್ರಿಲ್‌ನಲ್ಲಿ ‘ಪೊಸೆಷನ್‌ಗೆ ಸಿದ್ಧ, ಬಾಕಿ ಕಟ್ಟಿ’ ಎಂಬ ಪತ್ರ ಬಂತು. ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ, ಅಂದರೆ ಒಸಿ, ಎಲ್ಲಿ ಎಂದು ಕೇಳಿದರೆ ‘ಅರ್ಜಿ ಹಾಕಿದ್ದೇವೆ’ ಎಂಬ ಉತ್ತರ.

ಆ ಪತ್ರಕ್ಕೆ ಹೆದರಬೇಕಿಲ್ಲ. ಒಸಿ ಇಲ್ಲದೆ ಕರೆದ ಪೊಸೆಷನ್ ಸರಿಯಾದ ಪೊಸೆಷನ್ ಅಲ್ಲ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ, ಅಗ್ನಿಶಾಮಕ ಒಪ್ಪಿಗೆ ಇಲ್ಲದೆ ಕರೆದದ್ದಕ್ಕೂ ಸುಪ್ರೀಂ ಕೋರ್ಟ್ 2024ರಲ್ಲಿ ಆಗ್ರಾ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಹಾಗಾಗಿ ತಡದ ಗಡಿಯಾರ ಏಪ್ರಿಲ್ ಪತ್ರಕ್ಕೆ ನಿಲ್ಲುವುದಿಲ್ಲ, ಒಸಿ ಬಂದು ಮನೆ ಒಪ್ಪಿಸುವವರೆಗೂ ಓಡುತ್ತದೆ. ಆದರೆ ಪತ್ರವನ್ನು ಓದಿ ಸುಮ್ಮನೆ ಕೂರಬಾರದು. ಒಸಿ ಪ್ರತಿ ಕಳಿಸಿ, ಅದು ಬಂದ ಕೂಡಲೇ ಬಾಕಿ ಕಟ್ಟಿ ಮನೆ ತೆಗೆದುಕೊಳ್ಳಲು ಸಿದ್ಧ ಎಂದು ಅದೇ ವಾರ ಇ–ಮೇಲ್ ಕಳಿಸಿದೆವು. ‘ನಾವು ಕರೆದೆವು, ಇವರೇ ಬರಲಿಲ್ಲ’ ಎಂದು ಬಿಲ್ಡರ್ ಕಡೆಯವರು ಮುಂದೆ ವಾದಿಸಿಯೇ ವಾದಿಸುತ್ತಾರೆ. ಅದಕ್ಕೆ ಆ ನಾಲ್ಕು ಸಾಲಿನ ಇ–ಮೇಲ್ ಉತ್ತರ.

ರೇರಾವೋ, ಆಯೋಗವೋ

ದಾರಿ ಎರಡಿವೆ, ಆರಿಸಿಕೊಳ್ಳುವ ಹಕ್ಕು ಕೊಂಡವರದು. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೇರಾ ಬಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ ಎಂದು 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಅಗ್ರಿಮೆಂಟಿನಲ್ಲಿ ಆರ್ಬಿಟ್ರೇಷನ್ ಕಲಂ ಇದ್ದರೂ ಆಯೋಗಕ್ಕೆ ಹೋಗಲು ಅದು ಅಡ್ಡಿಯಲ್ಲ. ಒಂದೇ ಪರಿಹಾರ ಕೇಳಿ ಎರಡೂ ಕಡೆ ಅರ್ಜಿ ಹಾಕಿದರೆ ಮಾತ್ರ ಎರಡೂ ಕಡೆ ಏಟು ಬೀಳುತ್ತದೆ. ಕರ್ನಾಟಕದ ರೇರಾದಲ್ಲಿ ತಡದ ಬಡ್ಡಿಯ ದರ ನಿಯಮದಲ್ಲೇ ಇದೆ: ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ಸಾಲದ ದರ, ಅದರ ಮೇಲೆ ಶೇ 2. ಬರೀ ಬಡ್ಡಿಯಷ್ಟೇ ಬೇಕಾದವರಿಗೆ ಆ ದಾರಿ ನೇರ. ನಮಗೆ ಆ ಚದರಡಿಗೆ 5 ರೂಪಾಯಿಯ ಕಲಮನ್ನೇ ಅನ್ಯಾಯದ ಕರಾರೆಂದು ತೆಗೆಸಬೇಕಿತ್ತು, ಮಾನಸಿಕ ಕಿರುಕುಳದ ಪರಿಹಾರವನ್ನೂ ಖರ್ಚನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕಿತ್ತು. ಅದಕ್ಕೇ ಆಯೋಗ.

ಯಾವ ಆಯೋಗ? ಇಲ್ಲಿ ಬಹಳ ಜನ ಎಡವುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರವೂ ಅಲ್ಲ, ಮನೆಯ ಈಗಿನ ಮಾರುಕಟ್ಟೆ ಬೆಲೆಯೂ ಅಲ್ಲ, ಸೇವೆಗೆಂದು ಕೊಟ್ಟ ಹಣ. 2021ರ ಡಿಸೆಂಬರ್ ಕೊನೆಯಲ್ಲಿ ಬಂದ ನಿಯಮದ ಪ್ರಕಾರ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿಯವರೆಗೆ ರಾಜ್ಯ ಆಯೋಗ, ಅದರಾಚೆ ರಾಷ್ಟ್ರೀಯ ಆಯೋಗ. ನಮ್ಮದು 64 ಲಕ್ಷ, ಹಾಗಾಗಿ ರಾಜ್ಯ ಆಯೋಗ. ಶುಲ್ಕ 2,000 ರೂಪಾಯಿ. ಅನ್ಯಾಯದ ಕರಾರನ್ನು ಅಸಿಂಧು ಎಂದು ಘೋಷಿಸುವ ಅಧಿಕಾರವನ್ನು ಕಾಯ್ದೆ ಹೆಸರಿಟ್ಟು ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಜಿಲ್ಲಾ ಆಯೋಗಕ್ಕೆ ಹೋಗುವವರು ಅದೇ ಕಲಮನ್ನು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ವಾದಿಸಬೇಕು. ಒಮ್ಮುಖ ಕರಾರಿಗೆ ಆ ಹೆಸರು ಸಲ್ಲುತ್ತದೆಂದು 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದ ತೀರ್ಪು ಬಂದಿದೆ.

ದೂರುದಾರರು ವಾಸವಿರುವ ಊರಿನಲ್ಲೇ ದೂರು ಕೊಡಬಹುದು ಎಂಬುದು ಹೊಸ ಕಾಯ್ದೆಯ ಅನುಕೂಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಧಾರವಾಡದಲ್ಲೋ ಪುಣೆಯಲ್ಲೋ ಇರುವವರು ಇದನ್ನು ಗಮನಿಸಬೇಕು.

ಕಾಗದಗಳು

ಬೆಂಗಳೂರಿನಲ್ಲಿ ಅಗ್ರಿಮೆಂಟ್ ಎಂದರೆ ಸಾಮಾನ್ಯವಾಗಿ ಒಂದಲ್ಲ, ಎರಡು. ಜಾಗದ ಅವಿಭಜಿತ ಪಾಲಿಗೆ ಸೇಲ್ ಅಗ್ರಿಮೆಂಟ್, ಕಟ್ಟುವ ಕೆಲಸಕ್ಕೆ ಕನ್‌ಸ್ಟ್ರಕ್ಷನ್ ಅಗ್ರಿಮೆಂಟ್. ಪೊಸೆಷನ್ ದಿನ ಇರುವುದು ಹೆಚ್ಚಾಗಿ ಎರಡನೆಯದರಲ್ಲಿ. ಮೊದಲನೆಯದನ್ನು ಮಾತ್ರ ಲಗತ್ತಿಸಿದರೆ ತಡ ಯಾವ ದಿನದಿಂದ ಎಂಬುದೇ ಸಾಬೀತಾಗುವುದಿಲ್ಲ. ಹಾಗೆಯೇ 64 ಲಕ್ಷವೂ ಎರಡಕ್ಕೆ ಹಂಚಿಹೋಗಿರುತ್ತದೆ, ಎರಡನ್ನೂ ಸೇರಿಸಿ ತೋರಿಸದಿದ್ದರೆ ‘ಇದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ’ ಎಂಬ ತಕರಾರು ಏಳುತ್ತದೆ.

ಜಂಟಿ ಅಭಿವೃದ್ಧಿಯ ಯೋಜನೆಯಾದರೆ ಜಾಗದ ಮಾಲೀಕರನ್ನೂ ಎದುರುದಾರರನ್ನಾಗಿ ಸೇರಿಸಬೇಕು. ಹಣ ತೆಗೆದುಕೊಂಡದ್ದು ಬಿಲ್ಡರೇ ಇರಬಹುದು. ಆದರೆ ಕ್ರಯಪತ್ರಕ್ಕೆ ಮಾಲೀಕರ ಸಹಿಯೋ ಅವರು ಕೊಟ್ಟ ಅಧಿಕಾರಪತ್ರವೋ ಬೇಕು. ಅವರನ್ನು ಬಿಟ್ಟು ‘ಕ್ರಯಪತ್ರ ಮಾಡಿಕೊಡಿ’ ಎಂಬ ಆದೇಶ ತಂದರೆ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಹಣದ ದಾಖಲೆಯನ್ನು ನಾವು ಒಂದೇ ಕೋಷ್ಟಕದಲ್ಲಿ ಕಟ್ಟಿದೆವು: ಬಿಲ್ಡರ್‌ನ ಡಿಮ್ಯಾಂಡ್ ನೋಟೀಸಿನ ದಿನ, ಹಣ ಹೋದ ದಿನ, ಮೊತ್ತ, ಹೋದದ್ದು ನಮ್ಮ ಖಾತೆಯಿಂದಲೋ ಸಾಲದ ಖಾತೆಯಿಂದಲೋ, ರಸೀದಿ ಸಂಖ್ಯೆ, ಕಡತದ ಪುಟ. ಪ್ರತಿ ಸಾಲಿಗೂ ಬ್ಯಾಂಕ್ ಸ್ಟೇಟ್‌ಮೆಂಟಿನ ಆಧಾರ. ಮೊದಲ ಸಲ ಕೂಡಿಸಿದಾಗ ರಸೀದಿಗಳ ಮೊತ್ತಕ್ಕೂ ಸ್ಟೇಟ್‌ಮೆಂಟಿಗೂ ತಾಳೆಯಾಗಲಿಲ್ಲ. ಕಾರಣ ಟಿಡಿಎಸ್. 50 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿಗೆ ಕೊಳ್ಳುವವರು ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದು ಬಿಲ್ಡರ್ ಖಾತೆಗೆ ಹೋಗಿರುವುದಿಲ್ಲ, ಆದರೆ ಬೆಲೆಯ ಭಾಗವೇ. ಅದಕ್ಕೆ ಫಾರ್ಮ್ 26ಕ್ಯೂಬಿ ಚಲನ್‌ಗಳನ್ನೂ ಸೇರಿಸಬೇಕಾಯಿತು. ಈ ಕೋಷ್ಟಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ‘ದೂರುದಾರರೇ ಕಂತು ತಡ ಮಾಡಿದರು’ ಎಂಬ ವಾದ ಬಂದಾಗ ಡಿಮ್ಯಾಂಡ್ ದಿನ ಮತ್ತು ಪಾವತಿಯ ದಿನ ಅಕ್ಕಪಕ್ಕದಲ್ಲೇ ಕಾಣುತ್ತವೆ. ಒಂದು ಕಂತು ಒಂಬತ್ತು ದಿನ ತಡವಾಗಿತ್ತು. ಅದನ್ನು ಮುಚ್ಚಿಡದೆ, ಅದಕ್ಕೆ ತೆತ್ತ ಬಡ್ಡಿಯ ರಸೀದಿಯನ್ನೇ ಲಗತ್ತಿಸಿದೆವು. ಒಂಬತ್ತು ದಿನಕ್ಕೆ ಶೇ 18 ವಸೂಲು ಮಾಡಿದವರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿರಲಿಲ್ಲ.

ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಪುಟವಿದೆ. ಮುಗಿಯುವ ದಿನವೆಂದು ಬಿಲ್ಡರ್ ತಾವೇ ಘೋಷಿಸಿದ್ದು, ಪಡೆದ ವಿಸ್ತರಣೆ, ಮೂರು ತಿಂಗಳಿಗೊಮ್ಮೆ ಹಾಕುವ ಪ್ರಗತಿ ವರದಿ ಎಲ್ಲ ಅಲ್ಲಿರುತ್ತವೆ. ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಳ್ಳಬೇಕು. ರೇರಾ ಕೊಟ್ಟ ವಿಸ್ತರಣೆ ನೋಂದಣಿಯ ಅವಧಿಗೆ ಸಂಬಂಧಿಸಿದ್ದು, ಅಗ್ರಿಮೆಂಟಿನಲ್ಲಿ ಕೊಂಡವರಿಗೆ ಕೊಟ್ಟ ದಿನವನ್ನು ಅದು ತಾನಾಗಿ ಮುಂದೂಡುವುದಿಲ್ಲ. ಬಿಲ್ಡರ್‌ಗಳು ಇವೆರಡನ್ನೂ ಬೇಕೆಂದೇ ಕಲಸುತ್ತಾರೆ.

ವಾಟ್ಸ್ಆ್ಯಪ್ ಸಂದೇಶ, ಇ–ಮೇಲ್, ಮೊಬೈಲ್ ಫೋಟೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಜೊತೆಗಿರಲಿ. ಹಳೆಯ 65ಬಿ ಪತ್ರದ ಜಾಗಕ್ಕೆ 2024ರ ಜುಲೈ 1ರಿಂದ ಇದು ಬಂದಿದೆ. ಹಳೆಯ ನಮೂನೆಯನ್ನೇ ನಕಲು ಮಾಡಿ ಹಾಕುವವರು ಇನ್ನೂ ಇದ್ದಾರೆ. ಆಯೋಗ ಸಾಕ್ಷ್ಯ ಕಾಯ್ದೆಯ ಅಕ್ಷರಕ್ಕೆ ಜೋತುಬೀಳುವುದಿಲ್ಲ ನಿಜ, ಆದರೂ ಒಂದು ತಕರಾರು ಕಡಿಮೆಯಾದಷ್ಟೂ ಲಾಭ.

ಇವುಗಳ ಜೊತೆಗೆ ಹಂಚಿಕೆ ಪತ್ರ, ಬಿಲ್ಡರ್ ಕೊಟ್ಟ ಬ್ರೋಷರ್, ಬ್ಯಾಂಕ್ ಸಾಲದ ಮಂಜೂರಾತಿ ಪತ್ರ, ಈಗಿರುವ ಮನೆಯ ಬಾಡಿಗೆ ಕರಾರು, ಲೀಗಲ್ ನೋಟೀಸ್ ಮತ್ತು ಅದು ತಲುಪಿದ ಟ್ರ್ಯಾಕಿಂಗ್ ವರದಿ. ಬಾಡಿಗೆ ಕರಾರಿಗೆ ಎರಡು ಉಪಯೋಗ: ನಷ್ಟವನ್ನೂ ತೋರಿಸುತ್ತದೆ, ಕೊಂಡದ್ದು ಸ್ವಂತ ವಾಸಕ್ಕೆ ಎಂಬುದನ್ನೂ ತೋರಿಸುತ್ತದೆ. ‘ಇವರು ಹೂಡಿಕೆದಾರರು, ಗ್ರಾಹಕರಲ್ಲ’ ಎಂಬ ವಾದವನ್ನು ಸಾಬೀತು ಮಾಡುವ ಹೊಣೆ ಬಿಲ್ಡರ್ ಮೇಲಿದೆ. ಆದರೂ ಪ್ರಮಾಣಪತ್ರದಲ್ಲಿ ಬೇರೆ ಮನೆ ಇಲ್ಲವೆಂದೋ, ಇದ್ದರೆ ಅದು ಯಾಕೆ ಇದೆಯೆಂದೋ ಒಂದು ಸಾಲು ಬರೆದುಬಿಡುವುದು ಲೇಸು.

ಪರಿಹಾರದ ಲೆಕ್ಕ

ಮೊದಲು ತೀರ್ಮಾನವಾಗಬೇಕಾದದ್ದು ಮನೆ ಬೇಕೋ, ಹಣ ವಾಪಸ್ ಬೇಕೋ ಎಂಬುದು. ಕಟ್ಟಡ ಅರ್ಧಕ್ಕೆ ನಿಂತಿದ್ದರೆ ಹಣ ಕೇಳುವುದೇ ಸರಿ. 2022ರ ಎಕ್ಸ್‌ಪೀರಿಯನ್ ಡೆವಲಪರ್ಸ್ ಪ್ರಕರಣದಲ್ಲಿ ಕಟ್ಟಿದ ಹಣಕ್ಕೆ, ಕಟ್ಟಿದ ಆಯಾ ದಿನದಿಂದಲೇ ಶೇ 9ರ ಬಡ್ಡಿ ಸೇರಿಸಿ ವಾಪಸ್ ಕೊಡಿಸಲಾಯಿತು. ಮನೆ ಬಹುಪಾಲು ಮುಗಿದು ಒಸಿಯೂ ಬಂದಿದ್ದರೆ ಹಣ ವಾಪಸ್ ಕೇಳುವುದು ಕಷ್ಟ. ಅಂಥ ಕಡೆ ಮನೆಯನ್ನೇ ತೆಗೆದುಕೊಳ್ಳಿ, ತಡಕ್ಕೆ ಪರಿಹಾರ ಪಡೆಯಿರಿ ಎಂದು 2021ರ ಐರಿಯೊ ಗ್ರೇಸ್ ಪ್ರಕರಣದಲ್ಲಿ ಒಂದು ಗುಂಪಿನ ಖರೀದಿದಾರರಿಗೆ ಹೇಳಲಾಯಿತು. ನಮ್ಮದು ಪ್ಲಾಸ್ಟರಿಂಗ್, ಟೈಲ್ಸ್ ಎಲ್ಲ ಮುಗಿದ ಕಟ್ಟಡ. ಮನೆಯನ್ನೇ ಕೇಳಿದೆವು.

ಮನೆ ಉಳಿಸಿಕೊಂಡರೆ ಬಡ್ಡಿ ಶುರುವಾಗುವುದು ಹಣ ಕಟ್ಟಿದ ದಿನದಿಂದಲ್ಲ, ಮನೆ ಕೊಡಬೇಕಿದ್ದ ಮಾರನೇ ದಿನದಿಂದ, ಅಂದರೆ 2023ರ ಜುಲೈ 1ರಿಂದ. 2025ರ ಜೂನ್ 30ಕ್ಕೆ ಲೆಕ್ಕ ಕಟ್ಟಿದರೆ 60 ಲಕ್ಷಕ್ಕೆ ಎರಡು ವರ್ಷ, 4 ಲಕ್ಷಕ್ಕೆ ಒಂದೂವರೆ ವರ್ಷ. ಶೇ 9ರ ಸರಳ ಬಡ್ಡಿಯಲ್ಲಿ ಮೊದಲನೆಯದಕ್ಕೆ 10,80,000, ಎರಡನೆಯದಕ್ಕೆ 54,000, ಒಟ್ಟು 11,34,000 ರೂಪಾಯಿ. ಶೇ 6 ಆದರೆ 7,56,000. ಬಿಲ್ಡರ್ ಕಲಮಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ತಿಂಗಳಿಗೆ ಬರೀ 1,50,000.

ಶೇ 6 ಎಂಬುದನ್ನು ಗಾಳಿಯಲ್ಲಿ ಹಿಡಿದದ್ದಲ್ಲ. ಬೆಂಗಳೂರಿನ ಬೇಗೂರು ಹೋಬಳಿಯ ಯೋಜನೆಯೊಂದರ 339 ಖರೀದಿದಾರರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಆಗಸ್ಟ್ 24ರಂದು ವಿಂಗ್ ಕಮಾಂಡರ್ ಆರಿಫುರ್ ರಹಮಾನ್ ಖಾನ್ ವಿರುದ್ಧ ಡಿಎಲ್‌ಎಫ್ ಸದರ್ನ್ ಹೋಮ್ಸ್ ಎಂಬ ಹೆಸರಿನಲ್ಲಿ ತೀರ್ಪು ಬಂತು. ಅಲ್ಲೂ ಅಗ್ರಿಮೆಂಟಿನಲ್ಲಿ ಚದರಡಿಗೆ 5 ರೂಪಾಯಿಯೇ ಇತ್ತು. ಆ ಕಲಂ ಇದೆಯೆಂದು ನಿಜವಾದ ನಷ್ಟಕ್ಕೆ ಪರಿಹಾರ ಕೊಡದಿರಲಾಗದು ಎಂದ ಕೋರ್ಟ್, ಆ 5 ರೂಪಾಯಿಯ ಜೊತೆಗೆ ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ 6ರ ಸರಳ ಬಡ್ಡಿ ಕೊಡಿಸಿತು. ನಮ್ಮ ಕಲಮೂ ಅದೇ ಅಚ್ಚಿನದು, ಹಾಗಾಗಿ ಈ ತೀರ್ಪೇ ಕಡತದ ಬೆನ್ನೆಲುಬು. ಕೇಳಿದ್ದು ಶೇ 9. ಮನಸ್ಸಿನಲ್ಲಿ ಇಟ್ಟುಕೊಂಡ ತಳ ಮಾತ್ರ ಶೇ 6.

ಮೊದಲ ಕರಡಿನಲ್ಲಿ ಒಂದು ತಪ್ಪಾಗಿತ್ತು. ಶೇ 18 ಬಡ್ಡಿ, ತಿಂಗಳಿಗೆ 22,000 ಬಾಡಿಗೆಯಂತೆ 5,28,000, ಬ್ಯಾಂಕಿಗೆ ಕಟ್ಟಿದ ಸಾಲದ ಬಡ್ಡಿ, ಮಾನಸಿಕ ಯಾತನೆಗೆ 10 ಲಕ್ಷ, ಹೀಗೆ ಪಟ್ಟಿ ಬೆಳೆದಿತ್ತು. ಇದು ಕೇಳಲು ಭರ್ಜರಿ, ನಿಲ್ಲುವುದಿಲ್ಲ. ಒಂದೇ ತಪ್ಪಿಗೆ ಬೇರೆ ಬೇರೆ ತಲೆಬರಹದಲ್ಲಿ ಪರಿಹಾರ ಕೊಡಲಾಗದು ಎಂದು 2019ರಲ್ಲಿ ಡಿ.ಎಸ್. ಧಂಡಾ ಪ್ರಕರಣದಲ್ಲಿ, ಹಣಕ್ಕೆ ಬಡ್ಡಿ ಕೊಟ್ಟ ಮೇಲೆ ಬ್ಯಾಂಕ್ ಸಾಲದ ಬಡ್ಡಿಯನ್ನೂ ಹೊರಿಸಲಾಗದು ಎಂದು 2025ರಲ್ಲಿ ಮೊಹಾಲಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡದ ಬಡ್ಡಿ ಎಂಬುದೇ ಬಾಡಿಗೆಯ, ಸಾಲದ ಹೊರೆಯ ಬದಲಿಗೆ ಕೊಡುವ ಮೊತ್ತ. ಅದಕ್ಕೆ ಬಾಡಿಗೆಯನ್ನು ಬೇಡಿಕೆಯ ಪಟ್ಟಿಯಿಂದ ತೆಗೆದು ನಷ್ಟದ ಪುರಾವೆಯ ಜಾಗದಲ್ಲಿಟ್ಟೆವು: ತಿಂಗಳಿಗೆ 22,000 ನಷ್ಟವಾಗುವ ಕಡೆ 6,250 ಕೊಡುವುದು ಪರಿಹಾರವೇ ಅಲ್ಲ ಎಂದು ತೋರಿಸಲು.

ಕೊನೆಗೆ ಉಳಿದ ಬೇಡಿಕೆಗಳು ಇಷ್ಟು. ಒಸಿ ಸಹಿತ ಮನೆ ಒಪ್ಪಿಸಿ ಕ್ರಯಪತ್ರ ಮಾಡಿಕೊಡಬೇಕು, ಅದಕ್ಕೆ ಗಡುವು ಹಾಕಬೇಕು. 2023ರ ಜುಲೈ 1ರಿಂದ ಒಸಿ ಸಹಿತ ಪೊಸೆಷನ್ ಕೊಡುವವರೆಗೆ ಶೇ 9 ಬಡ್ಡಿ. ತಡದ ಪರಿಹಾರದ ಕಲಂ ಅಸಿಂಧು ಎಂದು ಘೋಷಣೆ. ಮಾನಸಿಕ ಯಾತನೆಗೆ 2 ಲಕ್ಷ, ಖರ್ಚಿಗೆ 50,000. ಜೊತೆಗೆ, ದೂರು ಇತ್ಯರ್ಥವಾಗುವವರೆಗೆ ಹಂಚಿಕೆ ರದ್ದು ಮಾಡಬಾರದು, ಮನೆಯನ್ನು ಬೇರೆಯವರಿಗೆ ಮಾರಬಾರದು ಎಂಬ ಮಧ್ಯಂತರ ಅರ್ಜಿ. ಬಡ್ಡಿಗೆ ‘ಪೊಸೆಷನ್ ಕೊಡುವವರೆಗೆ’ ಎಂಬ ಪದಗಳು ಬಿಟ್ಟುಹೋದರೆ ಆದೇಶ 11,34,000ಕ್ಕೇ ನಿಂತುಬಿಡಬಹುದು. ಈಗಿನ ಲೆಕ್ಕದಲ್ಲಿ ತಿಂಗಳಿಗೆ 48,000 ಬೆಳೆಯುವ ಮೊತ್ತ ಅದು.

ದೂರು ಸಲ್ಲಿಕೆಯಿಂದ ಆದೇಶದವರೆಗೆ

ನೋಟೀಸಿಗೆ ಹದಿನೈದು ದಿನ ಗಡುವು ಕೊಟ್ಟು, ಉತ್ತರ ಬಾರದಿದ್ದಾಗ 2025ರ ಜುಲೈ ಎರಡನೇ ವಾರ ಇ–ಜಾಗೃತಿ ಪೋರ್ಟಲ್‌ನಲ್ಲಿ ದೂರು ಸಲ್ಲಿಸಿದ್ದು. ಮೊದಲಿದ್ದ ಇ–ದಾಖಿಲ್ ಕೆಲಸವನ್ನು 2025ರಿಂದ ಇದು ನೋಡಿಕೊಳ್ಳುತ್ತಿದೆ. ದೂರು, ಪ್ರಮಾಣಪತ್ರ, ದಿನಾಂಕಗಳ ಪಟ್ಟಿ, ಪುಟಸಂಖ್ಯೆ ಹಾಕಿದ ಲಗತ್ತುಗಳು, ವಕೀಲರಿದ್ದರೆ ವಕಾಲತ್ತು. ವಕೀಲರಿಲ್ಲದೆ ತಾವೇ ವಾದಿಸಲೂ ಅವಕಾಶವಿದೆ. ಪರಿಶೀಲನೆಯಲ್ಲಿ ಕಡತ ವಾಪಸ್ ಬರುವುದು ಸಾಮಾನ್ಯವಾಗಿ ಸಣ್ಣ ಕಾರಣಕ್ಕೆ: ಮಸುಕಾದ ಸ್ಕ್ಯಾನ್, ನೋಟರಿ ಮುದ್ರೆ ಇಲ್ಲದ ಪ್ರಮಾಣಪತ್ರ, ಕಂಪನಿಯ ನೋಂದಾಯಿತ ವಿಳಾಸದ ಬದಲು ಸೈಟ್ ಆಫೀಸಿನ ವಿಳಾಸ. ಕೊನೆಯದು ಸಣ್ಣದಲ್ಲ. ಸೈಟ್ ಆಫೀಸಿಗೆ ಕಳಿಸಿದ ನೋಟೀಸ್ ವಾಪಸ್ ಬಂದರೆ ತಿಂಗಳುಗಳು ಹೋಗುತ್ತವೆ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಿಂದ ನೋಂದಾಯಿತ ವಿಳಾಸವನ್ನು ತೆಗೆದು ಹಾಕಬೇಕು. ಅದೇ ಹೊತ್ತಿಗೆ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದೆಯೇ ಎಂದೂ ನೋಡಬೇಕು. ದಾವೆಗಳಿಗೆ ತಡೆಯಾದ ಮೊರಟೋರಿಯಂ ಜಾರಿಯಲ್ಲಿದ್ದರೆ ಆ ಕಂಪನಿಯ ಮೇಲಿನ ದೂರು ಮುಂದೆ ಸಾಗುವುದಿಲ್ಲ, ಫಾರ್ಮ್ ಸಿಎಯಲ್ಲಿ ದಿವಾಳಿ ವೃತ್ತಿಪರರ ಮುಂದೆ ಹಕ್ಕು ಮಂಡಿಸಬೇಕಾಗುತ್ತದೆ.

ಗಮನಿಸಿರಬಹುದು, ದೂರು ಸಲ್ಲಿಸಿದ್ದು 2023ರ ಜೂನ್ 30ರಿಂದ ಎರಡು ವರ್ಷ ಕಳೆದು ಕೆಲವೇ ದಿನಕ್ಕೆ. ಕಾಲಮಿತಿ ಎರಡು ವರ್ಷ. ಪೊಸೆಷನ್ ಕೊಡದಿರುವುದು ದಿನದಿನವೂ ಮುಂದುವರಿಯುವ ತಪ್ಪು, ಮನೆ ಕೊಡುವವರೆಗೂ ದೂರಿನ ಕಾರಣ ಜೀವಂತವಿರುತ್ತದೆ ಎಂಬುದು ನೆಲೆಗೊಂಡ ನಿಲುವು. ಆದರೂ ಕಲಂ 69ರ ಅಡಿ ವಿಳಂಬ ಮನ್ನಿಸುವ ಅರ್ಜಿಯೊಂದನ್ನು ಜೊತೆಗಿಟ್ಟೆವು. ಎರಡು ಪುಟದ ಕೆಲಸ ಅಷ್ಟೇ.

ನೋಟೀಸ್ ತಲುಪಿದ ಮೇಲೆ ಬಿಲ್ಡರ್ ಲಿಖಿತ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. 45 ದಾಟಿದರೆ ಆಯೋಗಕ್ಕೂ ಸಮಯ ಕೊಡುವ ಅಧಿಕಾರವಿಲ್ಲ ಎಂದು 2020ರಲ್ಲಿ ಸಂವಿಧಾನ ಪೀಠ ಹೇಳಿದೆ. ಹಾಗಾಗಿ ನೋಟೀಸ್ ತಲುಪಿದ ದಿನದ ಟ್ರ್ಯಾಕಿಂಗ್ ಪುಟ ಚಿನ್ನದಂಥ ಕಾಗದ. ದೂರಿನ ಪ್ರತಿ ನೋಟೀಸಿನ ಜೊತೆಗಿರಲಿಲ್ಲ ಎಂದು ಅವರು ಹೇಳಬಹುದು. ಲಗತ್ತು ಸಮೇತ ಪೂರ್ತಿ ಸೆಟ್ಟನ್ನೇ ಕಳಿಸಿ, ಪುಟಗಳ ಸಂಖ್ಯೆಯನ್ನು ಕವರಿನ ಪತ್ರದಲ್ಲಿ ಬರೆದಿಡಬೇಕು.

ಉತ್ತರದಲ್ಲಿ ಬಂದದ್ದು ನಿರೀಕ್ಷಿಸಿದ್ದೇ: ಕೋವಿಡ್, ಕಾರ್ಮಿಕರ ಕೊರತೆ, ಮರಳಿನ ಅಭಾವ, ಇಲಾಖೆಗಳ ಒಪ್ಪಿಗೆ ತಡ. ಕೋವಿಡ್ ವಾದಕ್ಕೆ ಉತ್ತರ ಅಗ್ರಿಮೆಂಟಿನ ತಾರೀಖಿನಲ್ಲೇ ಇತ್ತು. 2020ರ ನವೆಂಬರ್‌ನಲ್ಲಿ, ಮೊದಲ ಲಾಕ್‌ಡೌನ್ ಕಂಡಾದ ಮೇಲೆ, ಅವರೇ ಕೊಟ್ಟ ದಿನ ಅದು. ಉಳಿದವುಗಳಿಗೆ ನಾವು ವಾದ ಮಾಡಲಿಲ್ಲ, ಒಂದೇ ಪ್ರಶ್ನೆ ಇಟ್ಟೆವು: ಯಾವ ತಡ ಯಾವ ದಿನದಿಂದ ಯಾವ ದಿನದವರೆಗೆ, ಅದರ ಕಾಗದ ಎಲ್ಲಿ? ಕೈಮೀರಿದ ಘಟನೆಗಳ ಕುರಿತ ಅಗ್ರಿಮೆಂಟಿನ ಫೋರ್ಸ್ ಮೆಜೂರ್ ಕಲಮಿನಲ್ಲಿ, ಇಂಥದ್ದು ನಡೆದಾಗ ಕೊಂಡವರಿಗೆ ಲಿಖಿತವಾಗಿ ತಿಳಿಸಬೇಕು ಎಂದಿತ್ತು. ಅಂಥ ಒಂದು ಪತ್ರವೂ ಬಂದಿರಲಿಲ್ಲ.

ವಿಚಾರಣೆ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆಯೇ ನಡೆಯುತ್ತದೆ, ಸಿನಿಮಾದ ಪಾಟೀಸವಾಲು ಇಲ್ಲ. ಕಾಯ್ದೆಯ ಪ್ರಕಾರ ಎದುರುದಾರರಿಗೆ ನೋಟೀಸ್ ತಲುಪಿ ಮೂರು ತಿಂಗಳಲ್ಲಿ ಮುಗಿಯಬೇಕು, ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ.

ಈ ನಡುವೆ ಒಸಿ ಬಂದು ಬಿಲ್ಡರ್ ಮನೆ ಒಪ್ಪಿಸಲು ಕರೆದರೆ ಅದೇ ಅತ್ಯಂತ ಅಪಾಯದ ಗಳಿಗೆ. ಕೀಲಿಯ ಜೊತೆ ಬರುವ ಕಾಗದಗಳಲ್ಲಿ ‘ಯಾವುದೇ ಬಾಕಿ, ಹಕ್ಕು, ತಕರಾರು ಇಲ್ಲ’ ಎಂಬುದೊಂದು ಇರುತ್ತದೆ. ಬೇಗೂರಿನ ಪ್ರಕರಣದಲ್ಲಿ ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ ಎಂದು ಕೋರ್ಟ್ ಹೇಳಿತು. ಆದರೆ ಬಿಲ್ಡರ್ ಜೊತೆ ಪ್ರತ್ಯೇಕ ರಾಜಿ ಪತ್ರಕ್ಕೆ ಸಹಿ ಹಾಕಿದ್ದವರು ಅದೇ ತೀರ್ಪಿನಲ್ಲಿ ಹೊರಗುಳಿದರು. ಮನೆ ತೆಗೆದುಕೊಳ್ಳಿ, ಕ್ರಯಪತ್ರವನ್ನೂ ಮಾಡಿಸಿ, ರಾಜಿ ಪತ್ರವನ್ನು ಮಾತ್ರ ಮುಟ್ಟಬೇಡಿ. ಸಹಿಯ ಪಕ್ಕದಲ್ಲಿ ‘ಆಯೋಗದ ಮುಂದಿರುವ ದೂರಿನ ಹಕ್ಕು ಕಾಯ್ದಿರಿಸಿ’ ಎಂದು ಬರೆಯಿರಿ. ಬರೆಯಲು ಬಿಡದಿದ್ದರೆ ಅಂದೇ ಇ–ಮೇಲ್ ಕಳಿಸಿ, ಮುಂದಿನ ದಿನಾಂಕದಂದು ಆಯೋಗಕ್ಕೆ ಮೆಮೊ ಕೊಡಿ.

ಆದೇಶದ ವಿರುದ್ಧ ಬಿಲ್ಡರ್ ರಾಷ್ಟ್ರೀಯ ಆಯೋಗಕ್ಕೆ 30 ದಿನದೊಳಗೆ ಮೇಲ್ಮನವಿ ಹೋಗಬಹುದು. ಅದಕ್ಕೆ ಆದೇಶದ ಮೊತ್ತದ ಶೇ 50ನ್ನು ಮೊದಲು ಠೇವಣಿ ಇಡಬೇಕು. ಜಿಲ್ಲಾ ಆಯೋಗದ ಆದೇಶವಾದರೆ ರಾಜ್ಯ ಆಯೋಗಕ್ಕೆ 45 ದಿನ, ಠೇವಣಿ ಅಷ್ಟೇ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಕಲಂ 71ರ ಅಡಿ ಜಾರಿ ಅರ್ಜಿ, ಕಲಂ 72ರ ಅಡಿ ದಂಡನೆಯ ಅರ್ಜಿ. ಎರಡನೆಯದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಜಾರಿ ಅರ್ಜಿಗೆ ಹೊಸ ಲೆಕ್ಕದ ಹಾಳೆ ಬೇಕು: ಆದೇಶದ ದರ, ಎಣಿಕೆ ಶುರುವಾದ ದಿನ, ಬಂದ ಹಣ, ಉಳಿದ ಹಣ. ಬಿಲ್ಡರ್ ಅರ್ಧ ಮೊತ್ತದ ಡಿಡಿ ತಂದು ‘ಪೂರ್ಣ ಸಂದಾಯ’ ಎಂದು ಬರೆದಿದ್ದರೆ, ‘ಭಾಗಶಃ ಸಂದಾಯ, ತಕರಾರಿನೊಂದಿಗೆ ಸ್ವೀಕರಿಸಿದೆ’ ಎಂದು ಮೆಮೊ ಹಾಕಿದ ಮೇಲೆಯೇ ಡಿಡಿಯನ್ನು ಬ್ಯಾಂಕಿಗೆ ಕಟ್ಟಬೇಕು.